ಮಂಚದವರೆಗಿನ ದೂರ

ಅಕ್ಕನ ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಅದು ತಾನಾಗಿಯೇ ಬಂದ ರೂಢಿ. ಕಿಟಕಿ ಪಕ್ಕದ ಆ ಹಳೆಯ ಯಂತ್ರದ ಮುಂದೆ ಈಗ ಅವಳ ತಮ್ಮ ಕೂರುತ್ತಿದ್ದ. ನಮ್ಮ ಆಟದ ಗೋಡೆ, ಬಾಗಿಲು, ಮುಖಗಳನ್ನೆಲ್ಲ ಬರೆಯುವ ಚಿತ್ರಗಾರ ಅವನೇ. ಊಟದ ಹೊತ್ತಿನಲ್ಲಿ ನಾವು ಕೆಳಗಿಳಿದು ಹೋದರೆ, ಅವನು ಹೆಡ್‌ಫೋನ್ ಹಾಕಿಕೊಂಡು ಅಲ್ಲೇ ಉಳಿಯುತ್ತಿದ್ದ.

ನಮ್ಮದು ನಾಲ್ಕು ಮೇಜುಗಳ ಸಣ್ಣ ಕಚೇರಿ. ಮೂರು ವರ್ಷದಿಂದ ಒಂದೇ ಆಟ ಕಟ್ಟುತ್ತಿದ್ದೆವು. ಒಂದು ಖಾಲಿ ಮನೆ, ಅದರಲ್ಲಿ ಎಚ್ಚರಗೊಳ್ಳುವ ಒಂದು ಮಗು. ಆಡುವವರು ಆ ಮಗುವಿನ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾರೆ. ಅಕ್ಕ ನಮ್ಮ ಧ್ವನಿಯ ಕೆಲಸದವಳು. ಎಲ್ಲರಿಗೂ ಅಕ್ಕನೇ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಕಚೇರಿಯ ಯಜಮಾನರಿಗೂ. ಮಲಗುವ ಕೋಣೆಯ ದೃಶ್ಯ ಮಾತ್ರ ಪೂರ್ತಿ ತನ್ನದೇ ಆಗಿರಲಿ ಎಂದು ಕೇಳಿಕೊಂಡಿದ್ದಳು. ತಮ್ಮನಿಂದ ತನ್ನದೇ ಆಕೃತಿ ಬರೆಸಿದಳು, ಬರಿಗಾಲಲ್ಲಿ ನಡೆದು ತನ್ನದೇ ಹೆಜ್ಜೆಯ ಸದ್ದು ಹಿಡಿದಳು, ಒಂದೇ ಒಂದು ಮಾತು ಹೇಳಿ ಧ್ವನಿಮುದ್ರಿಸಿದಳು. ನನ್ನಿಂದ ಅಷ್ಟಿಷ್ಟು ಕಲಿತು ಕೋಡ್ ಕೂಡ ತಾನೇ ಬರೆದಳು. ಬಾಗಿಲಲ್ಲಿ ಹೆಂಗಸೊಬ್ಬಳು ಕಾಣಿಸಿಕೊಳ್ಳಬೇಕು, ಮಗುವಿನ ಮಂಚದ ತನಕ ಬರಬೇಕು, ಬಂದ ಮೇಲೆ ಆ ಮಾತು ಆಡಿ ಮಾಯವಾಗಬೇಕು, ಆಗ ಬಾಗಿಲು ತೆರೆಯಬೇಕು. ಅದು ಮುಗಿಯುವ ಮೊದಲೇ ಆಸ್ಪತ್ರೆ ಸೇರಿದಳು. ಅಲ್ಲಿಂದ ಬರಲಿಲ್ಲ.

ಆ ಕೋಣೆಯನ್ನು ಪರೀಕ್ಷಿಸಲು ಯಾರಿಗೂ ಮನಸ್ಸಾಗಿರಲಿಲ್ಲ. ಒಂದು ಗುಟ್ಟಿನ ಕೀಲಿ ಒತ್ತಿ ಎಲ್ಲರೂ ಅದನ್ನು ದಾಟಿ ಹೋಗುತ್ತಿದ್ದೆವು. ಆದರೆ ಆಟವನ್ನು ಜನರ ಮುಂದಿಡುವ ಪ್ರದರ್ಶನ ಹತ್ತಿರ ಬಂತು. ಅಲ್ಲಿಗೆಂದು ತಂದ ಹೊಸ ಯಂತ್ರದಲ್ಲಿ ನಮ್ಮ ಪರೀಕ್ಷಕಿ ಆ ಕೋಣೆಗೆ ಹೊಕ್ಕಳು. ಎಲ್ಲಿ ತಪ್ಪಿದ್ದರೂ ಹುಡುಕಿ ಕಚ್ಚುವವಳೆಂದು ಅವಳಿಗೆ ಸೊಳ್ಳೆ ಎಂದೇ ಹೆಸರು. ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ಸದ್ದು ಕೇಳಿ ನಾನು ತಿರುಗಿದೆ.

"ಇವ್ಳು ನಡ್ಕೊಂಡು ಬರಲ್ಲ," ಎಂದಳು. "ಬಾಗ್ಲಲ್ಲಿದ್ಲು, ಕಣ್ಣು ಮಿಟುಕಿಸೋದ್ರೊಳ್ಗೆ ಮುಖದ ಹತ್ರ ಇದಾಳೆ. ಇದಾಳೆ ಅಷ್ಟೇ. ಏನೂ ಮಾಡಲ್ಲ."

ಅವಳ ಹೆಡ್‌ಫೋನನ್ನು ನಾನು ಹಾಕಿಕೊಂಡೆ. ಪರದೆಯಲ್ಲಿ ಅಕ್ಕ ದಿಂಬಿನ ಬಳಿ ನಿಂತಿದ್ದಳು. ಎದೆ ಸಣ್ಣಗೆ ಏರಿಳಿಯುತ್ತಿತ್ತು. ಪಾದ ಅಲುಗುತ್ತಿರಲಿಲ್ಲ. ಆದರೂ ಕಿವಿಯಲ್ಲಿ ಬರಿಗಾಲಿನ ಹೆಜ್ಜೆಗಳು, ಒಂದರ ಹಿಂದೆ ಒಂದು, ಬರುತ್ತಲೇ ಇದ್ದವು. ಅಕ್ಕನ ತಮ್ಮ ಊಟ ಬಿಟ್ಟು ಕೇಳುತ್ತಿದ್ದದ್ದು ಏನೆಂದು ನನಗೆ ಅಂದು ತಿಳಿಯಿತು.

ಯಜಮಾನರು ಬಂದು ನೋಡಿದರು. ಆಮೇಲೆ, ಸಂಜೆಯೊಳಗೆ ಸರಿಹೋಗದಿದ್ದರೆ ಆ ಕೋಣೆಯನ್ನೇ ಆಟದಿಂದ ತೆಗೆದುಬಿಡೋಣ, ಮಗು ನೇರವಾಗಿ ಮನೆಯೊಳಗಿನ ಓಣಿಯಲ್ಲೇ ಎಚ್ಚರಗೊಳ್ಳಲಿ ಎಂದು ಹೇಳಿ ಹೋದರು. ಅಕ್ಕನ ತಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು.

ನಾನು ಕೋಡ್ ತೆರೆದೆ. ತಪ್ಪು ಒಂದೇ ಸಾಲಿನಲ್ಲಿತ್ತು, ಹೊಸಬರೆಲ್ಲ ಮಾಡುವ ತಪ್ಪು. ಲರ್ಪ್ ಎನ್ನುವುದು ಎರಡು ಜಾಗಗಳ ನಡುವಿನ ಒಂದು ಬಿಂದುವನ್ನು ಕೊಡುವ ಲೆಕ್ಕ. ಎಲ್ಲಿಂದ, ಎಲ್ಲಿಗೆ, ಎಷ್ಟು ಪಾಲು ಎಂದು ಹೇಳಿದರೆ ಸಾಕು. ಅಕ್ಕ "ಎಲ್ಲಿಂದ" ಎಂಬಲ್ಲಿ ಹೊರಟ ಜಾಗವನ್ನು ಕೊಡದೆ, ಆ ಕ್ಷಣ ನಿಂತಿರುವ ಜಾಗವನ್ನೇ ಕೊಟ್ಟಿದ್ದಳು. ಪಾಲು ಯಾವಾಗಲೂ ಐವತ್ತರಲ್ಲಿ ಒಂದು. ಹಾಗಾಗಿ ಪ್ರತಿ ಫ್ರೇಮಿನಲ್ಲೂ, ಎಂದರೆ ಯಂತ್ರ ಪರದೆಯ ಮೇಲೆ ಒಂದೊಂದು ಚಿತ್ರ ಬಿಡಿಸಿದಾಗಲೂ, ಹೆಂಗಸು ಉಳಿದ ದೂರದ ಐವತ್ತರಲ್ಲಿ ಒಂದು ಪಾಲು ಮಾತ್ರ ಮುಂದೆ ಬರುತ್ತಾಳೆ. ಹತ್ತಿರವಾದಷ್ಟೂ ಹೆಜ್ಜೆ ಕಿರಿದು. ಕೊನೆಗೆ ಅದು ಎಷ್ಟು ಸಣ್ಣದಾಗುತ್ತದೆಂದರೆ, ಕೂಡಿಸಿದರೂ ಕಂಪ್ಯೂಟರಿನ ಅಂಕಿ ಬದಲಾಗುವುದಿಲ್ಲ. ಕೂದಲಿಗಿಂತ ತೆಳುವಾದ ದೂರವೊಂದು ಉಳಿದೇ ಉಳಿಯುತ್ತದೆ. ಅಕ್ಕ ಬರೆದ ಷರತ್ತಾದರೋ, ದೂರ ಪೂರಾ ಸೊನ್ನೆಯಾದರೆ ಮಾತ್ರ ಹೆಜ್ಜೆಯ ಸದ್ದು ನಿಲ್ಲಲಿ, ಮಾತು ಬರಲಿ ಎಂದು.

ವೇಗದ ಕಥೆಯೂ ಅದೇ. ಪಾಲು ಫ್ರೇಮಿಗೆ ಒಂದು. ಹಳೆಯ ಯಂತ್ರ ಏದುಸಿರು ಬಿಡುತ್ತ ಸೆಕೆಂಡಿಗೆ ಮೂವತ್ತು ಚಿತ್ರ ಬಿಡಿಸಿದರೆ, ಹೊಸತು ಅದರ ಐದರಷ್ಟು ಬಿಡಿಸುತ್ತದೆ. ಅಕ್ಕನ ಯಂತ್ರದಲ್ಲಿ ತೇಲುತ್ತ ಬರುವವಳು ಇಲ್ಲಿ ಎರಗುತ್ತಾಳೆ.

ವೇಗವನ್ನು ಮೊದಲು ಸರಿಪಡಿಸಿದೆ. ಅಕ್ಕನ ಯಂತ್ರದಲ್ಲಿ ಒಂದು ಸೆಕೆಂಡಿನ ಕೊನೆಗೆ ದೂರದ ಎಷ್ಟು ಪಾಲು ಉಳಿಯುತ್ತಿತ್ತೋ ಅದನ್ನೇ ಅಳತೆಯಾಗಿ ಹಿಡಿದು, ಒಂದೊಂದು ಫ್ರೇಮಿಗೂ ಹಿಡಿದ ಹೊತ್ತನ್ನು ಘಾತಾಂಕವಾಗಿ ಬಳಸಿ ಪಾಲನ್ನು ಎಣಿಸುವಂತೆ ಬರೆದೆ. ಎರಡೂ ಯಂತ್ರಗಳಲ್ಲಿ ಒಟ್ಟಿಗೇ ಓಡಿಸಿದೆವು. ಅಕ್ಕಪಕ್ಕದ ಎರಡು ಬಾಗಿಲುಗಳಿಂದ ಇಬ್ಬರು ಅಕ್ಕಂದಿರು ಒಂದೇ ನಡಿಗೆಯಲ್ಲಿ ನಮ್ಮ ಕಡೆಗೆ ಬಂದರು, ಒಂದೇ ಕಡೆ ನಿಧಾನಿಸಿದರು, ಎರಡು ದಿಂಬುಗಳ ಬಳಿ ನಿಂತರು. ಹೆಜ್ಜೆಯ ಸದ್ದು ನಿಲ್ಲಲಿಲ್ಲ. ಸೊಳ್ಳೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು.

ಇನ್ನುಳಿದದ್ದು ತಲುಪುವ ವಿಷಯ. ಇಷ್ಟು ಹತ್ತಿರ ಬಂದರೆ ಬಂದಂತೆ ಎಂದು ಒಂದು ಅಂಕಿ ಬರೆದರೆ ಮುಗಿಯಿತು. ನಾನು ಬೆರಳು ಎತ್ತುವ ಹೊತ್ತಿಗೆ ಅಕ್ಕನ ತಮ್ಮ ಹೆಡ್‌ಫೋನನ್ನು ಕತ್ತಿಗೆ ಇಳಿಸಿದ.

"ಬೇಡ," ಎಂದ.

ಕೋಣೆ ಉಳಿಯುವುದು ಹೀಗೆ ಮಾಡಿದರೆ ಮಾತ್ರ ಎಂದು ನಾನು ಹೇಳಿದೆ.

"ಗೊತ್ತು. ತಲುಪಿದ್ರೆ ಮಾತಾಡ್ತಾಳೆ. ಮಾತಾಡಿದ್ರೆ ಹೋಗ್ತಾಳೆ. ಈಗ ಬರ್ತಾನೇ ಇದಾಳಲ್ವಾ."

ಆ ಮಾತಿನ ಕಡತ ನಮ್ಮೆಲ್ಲರ ಕಂಪ್ಯೂಟರಿನಲ್ಲೂ ಇತ್ತು. ಒಮ್ಮೆ ಒತ್ತಿದರೆ ಕೇಳಿಸುತ್ತಿತ್ತು. ಅವನು ಒತ್ತಿರಲಿಲ್ಲ. ಅವನು ಕೇಳುವ ಮೊದಲು ಕೇಳಬಾರದೆಂದು ನಾವೂ ಒತ್ತಿರಲಿಲ್ಲ. ನಾನು ಕೀಲಿಮಣೆಯಿಂದ ಕೈ ತೆಗೆದೆ. ಅವನ ಕತ್ತಿನ ಬಳಿಯಿಂದ ಆ ಹೆಜ್ಜೆಗಳು ಸಣ್ಣಗೆ ಕೇಳುತ್ತಿದ್ದವು. ಕೇಳುತ್ತ ಕುಳಿತಂತೆ, ಅವು ಹತ್ತಿರವಾಗುತ್ತಿಲ್ಲ, ದೂರವೂ ಆಗುತ್ತಿಲ್ಲ, ನಮ್ಮಿಬ್ಬರ ಹಿಂದೆಯೇ ಯಾರೋ ನಿಂತಲ್ಲೇ ನಡೆಯುತ್ತಿದ್ದಾರೆ ಎನ್ನಿಸತೊಡಗಿತು. ನಾನು ತಿರುಗಿ ನೋಡಲಿಲ್ಲ.

"ಅವ್ಳಿಗೂ ಸಾಕಾಗಿರ್ಬೇಕು ಅಲ್ವಾ," ಎಂದ ತಮ್ಮ. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದ. "ಎಷ್ಟು ಹತ್ರ ಬಂದ್ರೆ ಬಂದಂಗೆ?"

ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಬರೆಯುತ್ತೇವೆ ಎಂದೆ.

ಅವನು ಅಲ್ಲವೆಂದು ತಲೆಯಾಡಿಸಿದ. ಚಿಕ್ಕವನಿದ್ದಾಗ ಜ್ವರ ಬಂದರೆ ಅಕ್ಕ ಮಂಚದ ತೀರ ಹತ್ತಿರ ಬರುತ್ತಿರಲಿಲ್ಲವಂತೆ. ಇವನಿಗೆ ಎಚ್ಚರವಾದೀತೆಂದು, ತೋಳು ಚಾಚಿದರೆ ಸಿಗುವಷ್ಟು ದೂರದಲ್ಲೇ ನಿಂತು ನೋಡುತ್ತಿದ್ದಳಂತೆ. ಇವನು ನಿದ್ದೆಯ ನಟನೆ ಮಾಡುತ್ತಿದ್ದನಂತೆ. ಇಷ್ಟು ಹೇಳಿ, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಅಂಕಿಯನ್ನು ಅವನೇ ಬರೆದ. ಅರವತ್ತು ಸೆಂಟಿಮೀಟರ್.

ಅಕ್ಕನ ಯಂತ್ರದಲ್ಲೇ ಓಡಿಸಿದೆವು. ಅವನು ಹೆಡ್‌ಫೋನಿನ ತಂತಿ ಕಿತ್ತು ಸದ್ದನ್ನು ಹೊರಗೆ ಬಿಟ್ಟ. ಬಾಗಿಲಲ್ಲಿ ಅವಳು ಕಾಣಿಸಿದಳು. ಹೆಜ್ಜೆ, ಹೆಜ್ಜೆ, ಹೆಜ್ಜೆ. ದಿಂಬಿಗೆ ಅಷ್ಟು ದೂರವಿರುವಾಗಲೇ ನಿಂತಳು. ಸದ್ದೂ ನಿಂತಿತು. ಇಷ್ಟು ತಿಂಗಳು ಆ ಸದ್ದು ತಮ್ಮನ ಕಿವಿಯಲ್ಲಿ ಎಷ್ಟು ಜಾಗ ಹಿಡಿದಿತ್ತೆಂದು ಆಗ ಗೊತ್ತಾಯಿತು. ನಿಂತವಳು ಮಗುವನ್ನು, ಎಂದರೆ ನಮ್ಮನ್ನು, ನೋಡಿದಳು.

"ನಿದ್ದೆ ಬಂದಿಲ್ಲ ಅಂತ ಗೊತ್ತು ಕಣೋ," ಎಂದಳು. "ಬಾಗ್ಲು ಹಾಕಲ್ಲ ಬಿಡು."

ತಮ್ಮನ ಕಣ್ಣುಗಳು ಮುಚ್ಚಿದ್ದವು. ಮುಚ್ಚಿದ ರೆಪ್ಪೆ ಅದುರುತ್ತಿತ್ತು, ಮಲಗಿದಂತೆ ನಟಿಸುವ ಮಗುವಿಗೆ ಅದುರುವ ಹಾಗೆ. ಅವನು ಕಣ್ಣು ತೆರೆಯುವ ಹೊತ್ತಿಗೆ ಪರದೆಯಲ್ಲಿ ಕೋಣೆ ಖಾಲಿಯಾಗಿತ್ತು. ಬಾಗಿಲು ತೆರೆದಿತ್ತು, ಅದರಾಚೆ ಅವನೇ ಬರೆದ ಕತ್ತಲ ಓಣಿ.

ಅವನು ಕೂಡಲೇ ಮಗುವನ್ನು ಮಂಚದಿಂದ ಇಳಿಸಲಿಲ್ಲ. ಇಳಿಸಿದ ಮೇಲೂ ನೇರ ದಾರಿ ಹಿಡಿಯಲಿಲ್ಲ. ಅವಳು ನಿಂತಿದ್ದ ಜಾಗವನ್ನು ಬಳಸಿ, ಗೋಡೆಯ ಪಕ್ಕದಿಂದ ಸುತ್ತಿಕೊಂಡು ಬಾಗಿಲಿಗೆ ಹೋದ.