ಲೋಬೊ ವಕೀಲರ ರೂಲಿಂಗು

ಕೊಡಿಯಾಲಬೈಲಿನ ಗ್ರೆಗರಿ ಲೋಬೊ ವಕೀಲರಿಗೆ ಕಾನೂನೆಲ್ಲ ಬಾಯಿಪಾಠ. ಅರ್ಜಿ ಬರೆಸುವಾಗ ಕಪಾಟಿನ ಕಡೆ ತಿರುಗಿಯೂ ನೋಡುವವರಲ್ಲ. ಆರಾಮ ಕುರ್ಚಿಯಲ್ಲಿ ಕಾಲು ನೀಡಿ, ಕಣ್ಣು ಮುಚ್ಚಿ, ಹಳೆಯ ತೀರ್ಪುಗಳ ಕಕ್ಷಿದಾರರ ಹೆಸರು, ವರ್ಷ, ಅವು ಅಚ್ಚಾದ ರಿಪೋರ್ಟು, ಪುಟ ಎಲ್ಲವನ್ನೂ ಜಪ ಮಾಡಿದ ಹಾಗೆ ಉದುರಿಸುತ್ತಿದ್ದರು. ಟೈಪು ಮಾಡುವ ವಿನಿಫ್ರೆಡ್ ಬಾಯಿಯವರ ಬೆರಳು ಅದೇ ಓಟದಲ್ಲಿ ಓಡುತ್ತಿತ್ತು.

ಇಷ್ಟೆಲ್ಲ ನೆನಪಿದ್ದರೂ ಆ ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು, ಅದನ್ನು ಮಾಡಿದವರೂ ಲೋಬೊ ಅವರೇ. ಕರಡಿನಲ್ಲಿ ಆಧಾರವಾಗಿ ಹೇಳಿದ ಪ್ರತಿಯೊಂದು ರೂಲಿಂಗನ್ನೂ ಜೂನಿಯರ್ ಆದವರು ಮೂಲ ತೀರ್ಪು ತೆರೆದು ನೋಡಬೇಕು, ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕಬೇಕು. ಗುರುತಿಲ್ಲದ ಕರಡನ್ನು ವಿನಿಫ್ರೆಡ್ ಬಾಯಿ ಚೊಕ್ಕ ಪ್ರತಿ ಮಾಡುವಂತಿಲ್ಲ. ಹಿಂದಿನ ಜೂನಿಯರುಗಳು ಪುಸ್ತಕ ಮುಟ್ಟದೆಯೇ ಗುರುತು ಗೀಚಿ ಚಾ ಕುಡಿಯಲು ಹೋಗುತ್ತಿದ್ದರು. ಲೋಬೊ ಅವರ ನೆನಪನ್ನು ಪರೀಕ್ಷೆ ಮಾಡುವುದೆಂದರೆ ಪಾದ್ರಿಯ ಬಾಯಲ್ಲಿ ಪ್ರಾರ್ಥನೆ ಒಪ್ಪಿಸಿಕೊಂಡ ಹಾಗಲ್ಲವೆ?

ಹೇಮಾಕ್ಷಿ ಬಂದ ಮೇಲೆ ಈ ಸುಖ ನಿಂತುಹೋಯಿತು. ಮದ್ರಾಸಿನಲ್ಲಿ ಬಿ.ಎಲ್. ಮುಗಿಸಿ ಬಂದ ಈ ಹುಡುಗಿಗೆ ಇನ್ನೂ ಒಂದು ವರ್ಷದ ಅನುಭವವೂ ಇರಲಿಲ್ಲ. ಕಪ್ಪು ಕೋಟು ಹೆಗಲಿನಿಂದ ಜಾರುತ್ತಿತ್ತು. ಆದರೆ ನೋಡದೆ ಗುರುತು ಹಾಕಲು ಅವಳ ಕೈ ಏಳುತ್ತಿರಲಿಲ್ಲ. ಅದು ನಿಯತ್ತೋ ಹೆದರಿಕೆಯೋ ಅವಳಿಗೇ ಗೊತ್ತಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಒಂದು ಬೆಳಿಗ್ಗೆ, ಬಂದರದ ಉಮರಬ್ಬ ಬ್ಯಾರಿಗಳು ಕಚೇರಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ನದಿ ದಂಡೆಯಲ್ಲಿ ಅವರು ಮರ ಪೇರಿಸಿಡುವ ಖಾಲಿ ಜಾಗ, ಅವರ ತಂದೆಯ ಕಾಲದಿಂದ ಗೇಣಿಗೆ ಇದ್ದದ್ದು, ಕೈತಪ್ಪುವ ಹಂತಕ್ಕೆ ಬಂದಿತ್ತು. ಜಾಗದ ಧನಿ ಬಿಟ್ಟುಕೊಡಲು ನೋಟಿಸು ಕೊಟ್ಟು, ದಾವೆ ಹಾಕಿ, ಮುನ್ಸಿಫ್ ಕೋರ್ಟಿನಲ್ಲಿ ಗೆದ್ದಿದ್ದರು. ನಾಳೆ ಕೋರ್ಟಿನ ಅಮೀನ ಬಂದು ಜಾಗ ಖಾಲಿ ಮಾಡಿಸುತ್ತಾನೆ. ಇವತ್ತು ಮಧ್ಯಾಹ್ನ ಜಿಲ್ಲಾ ನ್ಯಾಯಾಧೀಶರ ಮುಂದೆ ಅಪೀಲು ಹಾಕಿ ತಡೆಯಾಜ್ಞೆ ತರದಿದ್ದರೆ ಮರವೆಲ್ಲ ರಸ್ತೆಗೆ ಬೀಳುತ್ತದೆ.

"ಹೆದರಬೇಡಿ ಬ್ಯಾರಿಗಳೇ," ಎಂದರು ಲೋಬೊ. "ನೋಟಿಸಿನ ಅವಧಿ ಮುಗಿದ ಮೇಲೆ ನಿಮ್ಮ ಧನಿ ಎಂತ ಮಾಡಿದ್ದು? ನದಿ ಕಡೆಯ ಕಟ್ಟೆ ಬಿದ್ದದ್ದನ್ನು ತಾನೇ ಕಟ್ಟಿಸಿಕೊಟ್ಟ. ದೋಣಿಯಿಂದ ಮರ ಇಳಿಸುವ ಮೆಟ್ಟಿಲು ಎಲ್ಲಿ ಬೇಕೂಂತ ನಿಮ್ಮನ್ನೇ ಕೇಳಿದ. ಹೊರಗೆ ಹೋಗು ಅಂತ ಹೇಳಿದವ ಹಾಗೆ ಕೇಳ್ತಾನಾ? ಇದಕ್ಕೆ ನನ್ನಲ್ಲಿ ಒಂದು ರೂಲಿಂಗ್ ಉಂಟು. ಮದ್ರಾಸ್ ಹೈಕೋರ್ಟಿನದ್ದು."

ಆ ರೂಲಿಂಗು ಲೋಬೊ ಅವರ ಕಿರೀಟದ ಕಲ್ಲು. ಮದ್ರಾಸಿನಲ್ಲಿ ಜೂನಿಯರ್ ಆಗಿದ್ದಾಗ ಗೇಣಿದಾರನ ಪರವಾಗಿ ಅವರೇ ನಿಂತಿದ್ದ ಕೇಸು. "ಕೇಸು ಕೈತಪ್ಪಿತು, ಆದರೆ ನಮ್ಮ ಪಾಯಿಂಟನ್ನು ಜಡ್ಜರು ಒಪ್ಪಿದರು," ಎಂದು ಬಾರ್ ರೂಮಿನಲ್ಲಿ ಚಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು. ತೀರ್ಪಿನ ಒಂದು ವಾಕ್ಯವಂತೂ ಊರಿನ ವಕೀಲರಿಗೆಲ್ಲ ಪರಿಚಿತ. ಅದನ್ನು ಉದ್ಧರಣ ಚಿಹ್ನೆಯ ಒಳಗಿಟ್ಟು ಅರ್ಜಿಯಲ್ಲಿ ಟೈಪು ಮಾಡಿಸಿದರು: 'ಬಿಟ್ಟು ಹೋಗೆಂದ ಕೈಯೇ ಮತ್ತೆ ಇರುವವನ ಅನುಕೂಲಕ್ಕೆ ಕಲ್ಲು ಹೊತ್ತರೆ, ಆ ನೋಟಿಸನ್ನು ಆ ಕೈಯೇ ಹರಿದುಹಾಕಿದಂತೆ.' ಮೇಲೆ ಹೆಸರು, ರಂಗಪ್ಪ ನಾಯ್ಕರ್ ವಿರುದ್ಧ ಪೀರು ರಾವುತರ್. ವರ್ಷ ೧೯೩೬.

ಹೇಮಾಕ್ಷಿ ಕರಡು ಹಿಡಿದು ವಕೀಲರ ಸಂಘದ ಲೈಬ್ರರಿಗೆ ನಡೆದಳು. ಬೇರೆ ರೂಲಿಂಗುಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಿಕ್ಕಿದವು. ಲೋಬೊ ಅವರ ತಲೆಗೆ ನಿಜಕ್ಕೂ ಸಲಾಮು ಹೊಡೆಯಬೇಕು. ಕೊನೆಗೆ ಕಿರೀಟದ ಕಲ್ಲಿನ ಸರದಿ. ೧೯೩೬ರ ಸಂಪುಟದಲ್ಲಿ ಆ ಪುಟ ತೆರೆದರೆ, ಅಲ್ಲಿ ಯಾವುದೋ ಜಮೀನುದಾರಿ ಮನೆಯ ದತ್ತುಪುತ್ರನ ಜಗಳ ನಡೆದಿತ್ತು.

ಅವಳು ಮತ್ತೊಮ್ಮೆ ವರ್ಷ, ಪುಟ ತಾಳೆ ನೋಡಿದಳು. ಸಂಪುಟದ ಆರಂಭದಲ್ಲಿದ್ದ ಕೇಸುಗಳ ಪಟ್ಟಿಯಲ್ಲಿ 'ರಂಗಪ್ಪ' ಹುಡುಕಿದಳು. ಇಬ್ಬರು ರಂಗಪ್ಪಂದಿರು ಇದ್ದರು, ಇಬ್ಬರೂ ಬೇರೆ ಯಾರೋ. ಆಮೇಲೆ ತಲೆ ಓಡಿತು. ಆ ಕೇಸಿನಲ್ಲಿ ದಾವೆ ಹಾಕಿದ್ದು ಧನಿ, ಆದ್ದರಿಂದ ಕೆಳಗಿನ ಕೋರ್ಟಿನಲ್ಲಿ ರಂಗಪ್ಪ ನಾಯ್ಕರ್ ಹೆಸರು ಮೊದಲು. ಸೋತ ಗೇಣಿದಾರ ಹೈಕೋರ್ಟಿಗೆ ಹೋದ ಮೇಲೆ ಅಪೀಲುದಾರ ಅವನೇ. ಹಾಗಾದರೆ ಪೀರು ರಾವುತರ್ ಹೆಸರು ಮುಂದೆ ಬರಬೇಕು. ಇನ್ನು ವರ್ಷ. ತೀರ್ಪು ಡಿಸೆಂಬರಿನಲ್ಲಿ ಬಂದಿದ್ದರೆ ಅಚ್ಚಾಗುವುದು ಮುಂದಿನ ವರ್ಷದ ಸಂಪುಟದಲ್ಲಿ. ೧೯೩೭ರದನ್ನು ತೆಗೆದು ನೋಡಿದಳು. ಸಿಕ್ಕಿತು! ಹೆಸರು ಹಿಂದುಮುಂದು, ವರ್ಷ ಒಂದು ಹೆಚ್ಚು, ಪುಟ ಮಾತ್ರ ಲೋಬೊ ಹೇಳಿದ್ದೇ.

ಹೆಸರು, ವರ್ಷ ತಿದ್ದಿ ಗುರುತು ಹಾಕಿ ಎದ್ದುಬಿಡಬಹುದಿತ್ತು. ಆದರೆ ಉದ್ಧರಣ ಚಿಹ್ನೆಯ ಒಳಗಿರುವುದನ್ನು ಅಕ್ಷರ ಅಕ್ಷರ ತಾಳೆ ನೋಡಬೇಕಲ್ಲ. ವಾಕ್ಯ ಇತ್ತು. ಅಲ್ಪವಿರಾಮ ಕೂಡ ತಪ್ಪಿರಲಿಲ್ಲ. ಅವಳು ಪೆನ್ಸಿಲು ಎತ್ತಿದವಳು ಹಾಗೇ ನಿಂತಳು. ತೀರ್ಪು ಇನ್ನೂ ಶುರುವಾಗಿಯೇ ಇರಲಿಲ್ಲ. ಅದಕ್ಕೆ ಮೊದಲು, ವಕೀಲರು ಏನೇನು ವಾದಿಸಿದರೆಂದು ಸಂಕ್ಷೇಪವಾಗಿ ಅಚ್ಚು ಹಾಕಿರುತ್ತಾರಲ್ಲ, ವಾಕ್ಯ ಅಲ್ಲಿತ್ತು. ಅದರ ತಲೆಯ ಮೇಲೆ 'ಅಪೀಲುದಾರನ ಪರ, ಜಿ. ಲೋಬೊ' ಎಂದು ಹೆಸರು.

ಅಂದರೆ ಇಷ್ಟು ವರ್ಷ ಲೋಬೊ ವಕೀಲರು ನ್ಯಾಯಾಧೀಶರ ಮಾತೆಂದು ಹೇಳಿಕೊಂಡು ಬಂದದ್ದು ತಮ್ಮದೇ ಮಾತನ್ನು.

ತೀರ್ಪನ್ನು ಕೊನೆಯವರೆಗೂ ಓದಿದಳು. ನ್ಯಾಯಾಧೀಶರು ಆ ವಾದವನ್ನು ಒಪ್ಪಿರಲಿಲ್ಲ. ಆ ಕೇಸಿನ ಧನಿ ರಂಗಪ್ಪ ನಾಯ್ಕರ್ ಗೋಡೆ ಕಟ್ಟಿಸಿದ್ದು ನೋಟಿಸಿನ ಅವಧಿ ಮುಗಿಯುವ ಮೊದಲೇ, ಅದೂ ಪುರಸಭೆ ತಾಕೀತು ಮಾಡಿದ್ದರಿಂದ. ಗೇಣಿ ಮುಂದುವರಿಸುವ ಮನಸ್ಸು ಅದರಲ್ಲಿ ಕಾಣುವುದಿಲ್ಲ ಎಂದಿದ್ದರು. ನಂತರ ಇನ್ನೊಂದು ಪ್ಯಾರಾ. ಅವಧಿ ಮುಗಿದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಗೇಣಿದಾರನನ್ನು ಕೇಳಿಯೇ ಮಾಡಿಸಿದ್ದರೆ ಮಾತು ಬೇರೆಯೇ ಆಗುತ್ತಿತ್ತು ಎಂದು.

ಹೇಮಾಕ್ಷಿಗೆ ಸಂತೋಷವಾಯಿತು. ಉಮರಬ್ಬ ಬ್ಯಾರಿಗಳ ಕಟ್ಟೆಗೆ ಹೇಳಿ ಮಾಡಿಸಿದಂಥ ಪ್ಯಾರಾ! ಆದರೆ ಅಲ್ಲಿಗೆ ಮುಟ್ಟಬೇಕಾದರೆ ಲೋಬೊ ಅವರ ಕಿರೀಟ ಬೀಳಿಸಬೇಕು. ಸಂಪುಟವನ್ನು ಎದೆಗೊತ್ತಿಕೊಂಡು ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಬಂದಳು. ಕಚೇರಿಯ ಬಾಗಿಲಿಗೆ ಬಂದಾಗ ಜೋಡಿಸಿದ್ದೆಲ್ಲ ಚೆಲ್ಲಿಹೋಗಿತ್ತು.

"ಸರ್, ಈ ವಾಕ್ಯ ಜಡ್ಜರದ್ದಲ್ಲ."

"ಮತ್ತೆ ಯಾರದ್ದು?"

"ನಿಮ್ಮದು."

ವಿನಿಫ್ರೆಡ್ ಬಾಯಿಯ ಟೈಪುಯಂತ್ರ ನಿಂತಿತು. ಲೋಬೊ ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ಬಂದರು. ಕಿವಿಯ ತುದಿ ಕೆಂಪಾಗಿತ್ತು.

"ರಿಪೋರ್ಟು ಬಂದ ದಿನ ನನ್ನ ಹೆಸರು ಇದ್ದ ಪುಟವನ್ನು ಮನೆಯವರಿಗೆಲ್ಲ ತೋರಿಸಿದ್ದೆ," ಎಂದರು ಮೆಲ್ಲಗೆ. "ಸೋತದ್ದನ್ನು ಮುಂದೆ ಯಾರು ಓದ್ತಾರೆ ಮಾರಾಯ್ತಿ?"

"ಮುಂದೆಯೇ ನಮಗೆ ಬೇಕಾದ್ದು ಉಂಟು ಸರ್. ಈ ಪ್ಯಾರಾ ಓದಿ."

ಓದಿದರು. ಆಮೇಲೆ ದೊಡ್ಡದಾಗಿ ನಕ್ಕರು, ಆ ನಗು ಪೂರ್ತಿ ನಗುವಾಗಿರಲಿಲ್ಲ. "ಬಾಯಿ, ಆ ಹಾಳೆ ತೆಗೀರಿ. ಹೊಸತು ಹಾಕಿ. ಹೆಸರು ತಿರುಗಿಸಿ, ವರ್ಷ ಮೂವತ್ತೇಳು ಮಾಡಿ. ವಾಕ್ಯ ಇರಲಿ, ಆದರೆ ಅಪೀಲುದಾರನ ವಕೀಲರು ಹೀಗೆ ವಾದಿಸಿದ್ದರು, ಕೋರ್ಟು ಅದನ್ನು ಒಪ್ಪಲಿಲ್ಲ ಅಂತ ಬರೀರಿ. ಯಾಕೆ ಒಪ್ಪಲಿಲ್ಲಾಂತಲೂ ಬರೀರಿ. ಆಮೇಲೆ ಈ ಪ್ಯಾರಾ, ಚಿಹ್ನೆಯ ಒಳಗೆ."

"ಕಾರ್ಬನ್ ಪುನಃ ಜೋಡಿಸಬೇಕು," ಎಂದು ವಿನಿಫ್ರೆಡ್ ಬಾಯಿ ಗೊಣಗಿದರು, ಗೊಣಗುತ್ತಲೇ ಜೋಡಿಸಿದರು.

ಬೆಂಚಿನ ಮೇಲಿದ್ದ ಉಮರಬ್ಬರಿಗೆ ಗಾಬರಿ. "ಎಂತ ವಕೀಲ್ರೆ, ನಾವು ಸೋತದ್ದನ್ನು ನಾವೇ ಬರೆದು ಕೊಡುವುದಾ?"

"ಹೌದು ಬ್ಯಾರಿಗಳೇ. ಎದುರಿನವ ಹೇಳಿದರೆ ಅದು ನಮಗೆ ಪೆಟ್ಟು. ನಾವೇ ಹೇಳಿದರೆ ಅದು ನಮ್ಮ ವಾದ."

ಮಧ್ಯಾಹ್ನ ಕೋರ್ಟಿನಲ್ಲಿ ಧನಿಯ ಪರ ಬಂದದ್ದು ಮೋಹನದಾಸ್, ಲೋಬೊ ಅವರ ಜೊತೆ ದಿನಾ ಚಾ ಕುಡಿಯುವವರು. ಅವರ ಮೇಜಿನ ಮೇಲೂ ೧೯೩೭ರದೇ ಒಂದು ಸಂಪುಟ, ನಡುವೆ ಕಾಗದದ ಚೂರು ಇಟ್ಟದ್ದು. ಹೇಮಾಕ್ಷಿ ಅದನ್ನು ನೋಡಿದಳು. ಲೋಬೊ ಎದ್ದು ನಿಂತು, ಧ್ವನಿ ಒಂದಿಷ್ಟೂ ಇಳಿಸದೆ, ಅಲ್ಲಿ ಆ ವಾದ ಮಾಡಿದವನು ನಾನೇ, ಅದು ಬಿದ್ದುಹೋಯಿತು ಎಂದು ಹೇಳಿ, ಬಿದ್ದದ್ದು ಯಾಕೆಂದು ಓದಿ, ಮುಂದಿನ ಪ್ಯಾರಾಕ್ಕೆ ಬಂದರು. ಮೋಹನದಾಸ್ ಅವರ ಕೈ ಪುಸ್ತಕದ ಮೇಲಿತ್ತು. ಮೆಲ್ಲನೆ ಹಿಂದಕ್ಕೆ ಹೋಯಿತು.

ನ್ಯಾಯಾಧೀಶರು ತಾವೇ ಸಂಪುಟ ತರಿಸಿ ಪ್ಯಾರಾ ಓದಿಕೊಂಡರು. ಕಟ್ಟೆ ಕಟ್ಟಿಸಿದ್ದು ಅವಧಿ ಮುಗಿದ ಮೇಲೆಯೇ ಹೌದೇ ಎಂದು ಮೋಹನದಾಸರನ್ನು ಕೇಳಿದರು. ಅವರು ಇಲ್ಲವೆನ್ನುವಂತಿರಲಿಲ್ಲ. ಅಪೀಲು ತೀರ್ಮಾನವಾಗುವವರೆಗೆ ಜಾಗಕ್ಕೆ ಯಾರೂ ಕೈ ಹಾಕಬಾರದೆಂದು ತಡೆಯಾಜ್ಞೆ ಆಯಿತು. ಉಮರಬ್ಬ ಬ್ಯಾರಿಗಳು ಇಂಗ್ಲಿಷು ತಿಳಿಯದಿದ್ದರೂ ಹೇಮಾಕ್ಷಿಯ ಮುಖ ನೋಡಿ ತಿಳಿದುಕೊಂಡರು. ಅಮೀನನಿಗೆ ತೋರಿಸಲು ಆಜ್ಞೆಯ ನಕಲು ಬೇಕೆಂದು ನಕಲು ವಿಭಾಗದ ಕಡೆ ಓಡಿಯೇ ಬಿಟ್ಟರು.

ವರಾಂಡದಲ್ಲಿ ಮೋಹನದಾಸ್ ಲೋಬೊ ಅವರ ಬೆನ್ನು ತಟ್ಟಿದರು. "ಅದನ್ನು ಜಡ್ಜ್‌ಮೆಂಟ್ ಅಂತ ನೀವು ಓದ್ತೀರಿ ಅಂತಲೇ ಕಾದು ಕೂತಿದ್ದೆ ಮಾರಾಯ್ರೆ. ಎಷ್ಟೋ ವರ್ಷದಿಂದ ಗೊತ್ತುಂಟು ನನಗೆ. ಕಡೆಗೂ ಪುಸ್ತಕ ನೋಡಿದಿರಲ್ಲ!" ನಗುತ್ತಾ ಚಾ ಅಂಗಡಿಯ ಕಡೆ ಹೋದರು.

ಲೋಬೊ ನಗಲಿಲ್ಲ. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತು ಬಾರ್ ರೂಮಿನ ಕಿಟಕಿಯ ಕಡೆ ನೋಡಿದರು. ಒಳಗೆ ಅವರ ವಯಸ್ಸಿನವರು, ಅವರ ಗೆಳೆಯರು, ಚಾದ ಕಪ್ಪು, ಸಾಸರು ಹಿಡಿದು ಹರಟುತ್ತಿದ್ದರು. ಹೇಮಾಕ್ಷಿಗೆ ಲೋಬೊ ಅವರನ್ನು ನೋಡಿ ಅಯ್ಯೋ ಅನಿಸಿತು.

"ಮೋಹನದಾಸನಿಗೆ ಗೊತ್ತಿತ್ತು. ಅಲ್ಲಿ ಇನ್ನೂ ಎಷ್ಟು ಜನರಿಗೆ ಗೊತ್ತಿತ್ತೋ," ಎಂದರು. "ಎಲ್ಲರೂ ತಲೆ ಆಡಿಸಿ ಕೇಳಿದರು. ನನಗೆ ಹೇಳಿದ್ದು ನೀನೊಬ್ಬಳು."

ಹೇಮಾಕ್ಷಿ ಜಾರಿದ ಕೋಟನ್ನು ಹೆಗಲಿಗೆ ಎಳೆದುಕೊಂಡಳು.

"ಹೇಳುವಾಗ ಹೆದರಿಕೆ ಆಗಿತ್ತಾ?"

"ತುಂಬಾ ಆಗಿತ್ತು ಸರ್."

"ಮುಂದೆಯೂ ಆಗಲಿ, ತೊಂದರೆ ಇಲ್ಲ," ಎಂದರು ಲೋಬೊ. "ಆದರೆ ಹೇಳು."