ಕುಬಸಕ್ಕೆ ಇನ್ನು ಹತ್ತೇ ದಿನ

ಬೈಲಹೊಂಗಲದ ಪೇಟೆಯಲ್ಲಿರುವ ನಿಜಗುಣಪ್ಪನವರ ಸೀರೆ ಅಂಗಡಿಗೆ ನಾಲ್ಕು ವರ್ಷದಿಂದ ಎರಡು ಬಾಗಿಲು. ಒಂದು ರಸ್ತೆಗೆ ತೆರೆದದ್ದು. ಇನ್ನೊಂದು ಮೊಬೈಲ್‌ನಲ್ಲಿ ತೆರೆಯುವಂಥದ್ದು. ಮೊದಲನೆಯದರಲ್ಲಿ ನಿಜಗುಣಪ್ಪನವರು ಗಾದಿ ಮೇಲೆ ಕೂತಿರುತ್ತಾರೆ. ಎರಡನೆಯದನ್ನು ಕಾಯುವವಳು ಶೈಲಜಾ. ಅಂಗಡಿಯ ಹಿಂದಿನ ಖೋಲಿಯಲ್ಲಿ, ಖಾಲಿ ಸೀರೆ ಡಬ್ಬಿಗಳ ನಡುವೆ, ಒಂದು ಕಂಪ್ಯೂಟರ್ ಮತ್ತು ಒಂದು ಮುರುಕು ಫ್ಯಾನು ಅವಳ ಸಂಸ್ಥಾನ.

ಆನ್‌ಲೈನ್ ಗಿರಾಕಿಗಳದ್ದು ವಿಚಿತ್ರ ಗುಣ. ಅರ್ಧ ತಾಸು ಸೀರೆ ನೋಡುತ್ತಾರೆ, ಒಂದನ್ನು ಕಾರ್ಟಿಗೆ ಹಾಕುತ್ತಾರೆ, ಫೋನ್ ನಂಬರು, ವಿಳಾಸ ಎಲ್ಲ ಬರೆಯುತ್ತಾರೆ, ಇನ್ನೇನು ಆರ್ಡರ್ ಒತ್ತಬೇಕು, ಅಷ್ಟರಲ್ಲಿ ಮಾಯ. ಒಲೆಯ ಮೇಲೆ ಹಾಲು ಉಕ್ಕಿರಬಹುದು, ಬಸ್ಸು ಬಂದಿರಬಹುದು, ಗಂಡನ ಮುಖ ನೋಡಿ ಧೈರ್ಯ ಕುಸಿದಿರಬಹುದು. ಹೀಗೆ ಬಿಟ್ಟುಹೋದವರಿಗೆ ವಾಟ್ಸ್ಆ್ಯಪ್‌ನಲ್ಲಿ ನೆನಪು ಮಾಡುವ ವ್ಯವಸ್ಥೆಯನ್ನು ಶೈಲಜಾಳೇ ಕೂಡಿಸಿದ್ದಳು. ಒಂದು ತಾಸಿಗೆ ಮೊದಲ ಸಂದೇಶ, ಮರುದಿನ ಎರಡನೆಯದು, ಮೂರು ದಿನ ಕಳೆದ ಮೇಲೆ ನೂರು ರೂಪಾಯಿ ರಿಯಾಯಿತಿಯೊಂದಿಗೆ ಕೊನೆಯದು. ಮುಂಜಾನೆ ಒಂಬತ್ತಕ್ಕಿಂತ ಮೊದಲು, ಸಂಜೆ ಎಂಟರ ನಂತರ ಯಾವುದೂ ಹೋಗಬಾರದು. ನಡುವೆ ಆರ್ಡರ್ ಮಾಡಿದರೆ ಉಳಿದವು ತಾವೇ ನಿಲ್ಲಬೇಕು.

ಎಲ್ಲಕ್ಕಿಂತ ಮೇಲೆ, ನಂಬರು ಬರೆಯುವ ಜಾಗದ ಕೆಳಗೆ ಒಂದು ಚೌಕವಿತ್ತು. ‘ಈ ನಂಬರಿಗೆ ನೆನಪಿನ ಸಂದೇಶ ಕಳಿಸಬಹುದು’ ಎಂದು ಅದರ ಪಕ್ಕ ಬರೆದಿತ್ತು. ಚೌಕ ಖಾಲಿ. ಗಿರಾಕಿ ತಾನೇ ಒತ್ತಿ ಗುರುತು ಹಾಕಿದರೆ ಮಾತ್ರ ಸಂದೇಶ. ನಂಬರು ಕೊಟ್ಟದ್ದು ಸೀರೆ ಮುಟ್ಟಿಸಲಿಕ್ಕೆ, ಬೆನ್ನು ಹತ್ತಲಿಕ್ಕಲ್ಲ ಎನ್ನುವುದು ಶೈಲಜಾಳ ಹಟ. ಆ ಹಟದ ಬಗ್ಗೆ ಅವಳ ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಈ ವರ್ಷ ಲಗ್ನದ ಸೀಜನ್ನು ಸಪ್ಪೆಯಾಯಿತು. ನಿಜಗುಣಪ್ಪನವರು ಹಿಂದಿನ ಖೋಲಿಗೆ ಬಂದು ಡಬ್ಬಿಯೊಂದರ ಮೇಲೆ ಕೂತರು.

“ಶೈಲವ್ವಾ, ನೂರ ಮಂದಿ ಬಿಟ್ಟಹೋದ್ರ ಎಷ್ಟ ಮಂದಿಗೆ ನೆನಪ ಮಾಡತೀಯವ್ವಾ?”

“ಗುರ್ತ ಹಾಕಿದವರಿಗೆ ಅಷ್ಟರಿ ಸಾವ್ಕಾರ್ರ. ಹದಿನೈದ, ಇಪ್ಪತ್ತ ಮಂದಿ.”

“ಉಳಿದ ಎಂಬತ್ತ ಮಂದಿನ್ನ ಗಾಳಿಗೆ ಬಿಟ್ಟಿ? ಆ ಗುರ್ತ ನಾವ ಮೊದಲ ಹಾಕಿ ಇಟ್ರ ಏನಾಗತೈತಿ? ಬ್ಯಾಡಾದವ್ರು ತಕ್ಕೋತಾರ. ಅಂಗಡ್ಯಾಗ ಗಿರಾಕಿ ಎದ್ದ ಹೊಂಟ್ರ, ‘ಅಕ್ಕಾರ, ಇದೊಂದ ನೋಡಿ ಹೋಗ್ರಿ’ ಅಂತ ಕರ್ಯೂದಿಲ್ಲೇನ ನಾವು?”

“ಹೊಚ್ಚಲ ದಾಟೂತನಾ ಕರೀತೇವ್ರಿ. ಅವರ ಮನಿತನಾ ಹೋಗಿ ಕದಾ ಬಡ್ಯೂದಿಲ್ಲಲ್ರಿ.”

ನಿಜಗುಣಪ್ಪನವರು ಕೆಟ್ಟವರಲ್ಲ. ನಕ್ಕು ಎದ್ದುಹೋದರು. ಆದರೆ ಮರುದಿನ ಮತ್ತೆ ಬಂದರು, ಅದರ ಮರುದಿನವೂ ಬಂದರು. ನಾಲ್ಕನೆಯ ದಿನ ಶೈಲಜಾ ಸೋತಳು. ಮೌಸ್ ಒಂದು ಸಲ ಒತ್ತಿದಳು, ಅಷ್ಟೆ. ಅಂದಿನಿಂದ ಆ ಚೌಕ ಗುರುತು ಹಾಕಿಕೊಂಡೇ ಗಿರಾಕಿಗಳ ಎದುರು ಬರತೊಡಗಿತು. ಅದನ್ನು ತೆಗೆಯುವವರು ಯಾರು? ಓದುವವರೇ ಯಾರು?

ಸೋತವಳು ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಬಗ್ಗಿದ ಮೇಲೆ ಜಾಣತನ ತೋರಿಸುವ ಚಪಲ ಕೆಲವರಿಗೆ. ಈ ಕಡೆ ಬಸುರಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಹಸಿರು ಸೀರೆ ಒಯ್ದು ಉಡಿಸಬೇಕು. ಸೀರೆ ಒಂದು ದಿನ ತಡವಾದರೂ ಬೀಗರ ಮುಂದೆ ಮರ್ಯಾದೆ ಹೋಯಿತು. ಅದಕ್ಕೇ ಆ ಅಂಗಡಿಯಲ್ಲಿ ಗಿರಾಕಿ ಕೂತ ಕೂಡಲೇ ಕೇಳುವ ಮೊದಲ ಮಾತು, ‘ಕಾರ್ಯ ಯಾವತ್ತೈತ್ರಿ?’ ಆ ರೂಢಿಯನ್ನು ಶೈಲಜಾ ಮೊಬೈಲ್ ಅಂಗಡಿಗೂ ತಂದಿದ್ದಳು. ಅಲ್ಲಿ ಕಾರ್ಯದ ದಿನ ಬರೆಯಲು ಒಂದು ಜಾಗವಿತ್ತು. ಈಗ ಅದನ್ನು ಹಿಡಿದು ನಾಲ್ಕನೆಯ ಸಂದೇಶವೊಂದನ್ನು ಸೇರಿಸಿದಳು. ಕುಬಸದ ಸೀರೆ ಆರಿಸಿ ಬಿಟ್ಟುಹೋದವರಿಗೆ, ಕಾರ್ಯಕ್ಕೆ ಹತ್ತು ದಿನ ಇರುವಾಗ, ಮುಂಜಾನೆ ಒಂಬತ್ತಕ್ಕೆ ಅದು ಹೋಗುತ್ತಿತ್ತು: ‘ಕುಬಸಕ್ಕೆ ಇನ್ನು ಹತ್ತೇ ದಿನ. ತಾಯಿಯಾಗುವ ಮಗಳ ಹಸಿರು ಸೀರೆ ನಿಮ್ಮ ದಾರಿ ಕಾಯುತ್ತಿದೆ.’ ಸಾಲು ಬರೆದು ತಾನೇ ಎರಡು ಸಲ ಓದಿಕೊಂಡಳು. ನಿಜಗುಣಪ್ಪನವರಂತೂ ಗಾದಿಯ ಮೇಲೆ ಕೂತವರಿಗೆಲ್ಲ ಓದಿ ಹೇಳಿದರು.

ಎಲ್ಲ ಸಂದೇಶದ ಕೊನೆಗೂ, ಬೇಡವಾದರೆ ಸ್ಟಾಪ್ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿ ಎಂಬ ಸೂಚನೆ ಇತ್ತು. ಆ ಒಂದು ಶಬ್ದ ಬಂದರೆ ಯಂತ್ರ ಆ ನಂಬರನ್ನು ಕೂಡಲೇ ಪಟ್ಟಿಯಿಂದ ತೆಗೆಯುತ್ತಿತ್ತು. ಬೇರೆ ಏನು ಬರೆದರೂ ಅದು ಸುಮ್ಮನೆ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತಿತ್ತು. ನಮ್ಮ ಮಂದಿ ಸ್ಟಾಪ್ ಎಂದು ಎಲ್ಲಿ ಬರೆಯುತ್ತಾರೆ, ಬ್ಯಾಡ, ಸಾಕು ಎಂಬ ಶಬ್ದಗಳನ್ನೂ ಸೇರಿಸಬೇಕು ಎಂದು ಶೈಲಜಾ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದಳು. ಮೊದಲು ಬೆರಳೆಣಿಕೆಯ ಉತ್ತರ ಬರುತ್ತಿದ್ದವು, ದಿನಾ ಕೂತು ಓದುತ್ತಿದ್ದಳು. ಈಗ ರಾಶಿ ಬೀಳುತ್ತಿದ್ದವು. ವಾರಕ್ಕೊಮ್ಮೆ, ಸೋಮವಾರ ಮಧ್ಯಾಹ್ನ ನೋಡಿದರಾಯಿತು ಎಂದು ಗಂಟು ಕಟ್ಟಿ ಇಟ್ಟಿದ್ದಳು.

ಆ ಸೋಮವಾರ ಮುಂಜಾನೆ ಹತ್ತಕ್ಕೆ ಕಂಪ್ಯೂಟರ್ ತೆರೆದಾಗ ಒಂದು ಹೊಸ ಸಾಲು ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಬಿಟ್ಟುಹೋದ ಕಾರ್ಟ್ ಮರಳಿ ಬಂದಿದೆ ಎಂದು ಅದರ ಅರ್ಥ. ಸಂಗೊಳ್ಳಿಯ ಗುರವ್ವ ಎಂಬುವವರು ಬುಧವಾರ ಕಾರ್ಟಿಗೆ ಹಾಕಿ ಬಿಟ್ಟಿದ್ದ ಕುಬಸದ ಸೀರೆ, ನಾಲ್ಕನೆಯ ಸಂದೇಶ ಹೋದ ಹನ್ನೆರಡು ನಿಮಿಷಕ್ಕೆ ಆರ್ಡರ್ ಆಗಿತ್ತು. ಸೀರೆ ಮನೆಗೆ ಮುಟ್ಟಿದಾಗ ಹಣ ಕೊಡುತ್ತಾರಂತೆ.

“ನೋಡಿದ್ಯಾ? ನಿನ್ನ ಸಾಲ ಎಂಥಾ ಕೆಲಸಾ ಮಾಡ್ತು!” ನಿಜಗುಣಪ್ಪನವರ ಮುಖ ಅರಳಿತು.

ಶೈಲಜಾಳೂ ಬೀಗಿದಳು, ಸುಳ್ಳು ಯಾಕೆ ಹೇಳಬೇಕು. ಸೀರೆಯನ್ನು ತಾನೇ ಡಬ್ಬಿಗೆ ಹಾಕಿ, ವಿಳಾಸ ಖಾತ್ರಿ ಮಾಡಿಕೊಳ್ಳಲು ಆ ನಂಬರಿನ ಸಂದೇಶಗಳನ್ನು ತೆರೆದಳು.

ಗುರುವಾರ, ಎರಡನೆಯ ಸಂದೇಶದ ಕೆಳಗೆ: ‘ಬ್ಯಾಡ್ರಿ. ನಮ್ಮ ಮನ್ಯಾಗ ಕಾರ್ಯ ಇಲ್ಲ.’

ಶನಿವಾರ, ರಿಯಾಯಿತಿಯ ಸಂದೇಶದ ಕೆಳಗೆ: ‘ಕೈ ಮುಗೀತೇನ್ರಿ ಕಳಸಬ್ಯಾಡ್ರಿ. ಕೂಸು ಹೋತು.’

ಅದರ ಕೆಳಗೆ, ಇಂದು ಮುಂಜಾನೆ ಒಂಬತ್ತಕ್ಕೆ, ಅವಳದೇ ಸಾಲು.

ಶೈಲಜಾ ಆ ಮೂರನ್ನೂ ಮತ್ತೊಮ್ಮೆ ಓದಿದಳು. ಸತ್ತ ಮನೆಯ ಕದ ಬಡಿದದ್ದಲ್ಲದೆ ಬಡಿಯುತ್ತಲೇ ನಿಂತವಳು ತಾನು. ಚೌಕಕ್ಕೆ ತಾನು ಗುರುತು ಹಾಕದಿದ್ದರೆ ಆ ಮನೆಗೆ ಒಂದು ಸಂದೇಶವೂ ಹೋಗುತ್ತಿರಲಿಲ್ಲ. ಹಾಕಿದ ಮೇಲಾದರೂ ಉತ್ತರ ಓದಿದ್ದರೆ ಇಂದಿನದು ನಿಲ್ಲುತ್ತಿತ್ತು. ಆದರೂ ಒಂದು ಪ್ರಶ್ನೆ ಉಳಿದಿತ್ತು. ಕೈ ಮುಗಿದು ಬೇಡವೆಂದ ಆ ಮನೆಯಿಂದ ಆರ್ಡರ್ ಬಂದದ್ದು ಹೇಗೆ? ಫೋನ್ ಹಚ್ಚಿದಳು.

“ನಾ ಬೈಲಹೊಂಗಲದ ಸೀರಿ ಅಂಗಡ್ಯಾಗಿಂದ ಶೈಲಜಾರಿ. ಗುರವ್ವಾರೇನ್ರಿ?”

ಆ ಕಡೆಯಿಂದ ಇಳಿದ ದನಿ ಬಂತು. “ಹೂಂ. ಹೇಳ್ರಿ.”

“ತಪ್ಪಾತ್ರಿ ಯವ್ವಾ. ನೀವ ಬ್ಯಾಡ ಅಂತ ಬರದದ್ದ ನಾ ನೋಡಲಿಲ್ಲ. ನಿಮ್ಮನ್ನ ಕೇಳದನ ಸಂದೇಶ ಕಳಿಸಿದ್ದೂ ತಪ್ಪ. ಈಗಿಂದೀಗ ನಿಮ್ಮ ನಂಬರ ತಗೀತೇನಿ. ಈ ಆರ್ಡರ್ ಕೈತಪ್ಪಿ ಆಗಿರಬೇಕ್ರಿ, ಅದನ್ನೂ ರದ್ದ ಮಾಡತೇನಿ.”

“ಕೈತಪ್ಪಿ ಆಗಿದ್ದಲ್ಲವ್ವಾ. ನನ್ನ ಮಗಳು ಮಾಡ್ಯಾಳ, ರಾಣಿ.” ಗುರವ್ವ ದನಿ ತಗ್ಗಿಸಿದಳು, ಎದ್ದು ಹೊರಗೆ ಬಂದಂತೆ ಕೇಳಿಸಿತು. “ಬುಧವಾರ ಸೀರಿ ಆರಸಾಕತ್ತಿದ್ದೆ. ವಿಳಾಸಾ ಎಲ್ಲಾ ಬರದಿದ್ದೆ. ಅಷ್ಟರಾಗ ಚಚಡಿಯಿಂದ ಬೀಗರು ಫೋನ ಹಚ್ಚಿದ್ರು, ಅಕಿನ್ನ ದವಾಖಾನಿಗೆ ಒಯ್ದೇವಿ ಅಂದ್ರು. ಏಳ ತಿಂಗಳವ್ವಾ. ಶನಿವಾರ ಇಲ್ಲಿಗೆ ಕರಕೊಂಡ ಬಂದೆ. ಕೂಸು ಹೋದಾಗಿಂದ ಒಂದ ಮಾತ ಆಡಿಲ್ಲ, ಕಣ್ಣಾಗ ಒಂದ ಹನಿ ನೀರ ಬಂದಿಲ್ಲ. ಇವತ್ತ ಮುಂಜಾನಿ ನನ್ನ ಮೊಬೈಲ್ ಅಕಿ ಕೈಯಾಗಿತ್ತು. ಚಾ ತಗೊಂಡ ಹೋದ್ರ, ಐದ ದಿನದ ಮ್ಯಾಲೆ ಮೊದಲನೇ ಮಾತು ಏನ ಕೇಳಿದಳ ಗೊತ್ತೈತೇನ?”

ಶೈಲಜಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“‘ಯವ್ವಾ, ಸೀರಿ ಯಾವಾಗ ಬರತೈತಿ?’ ಅಂದಳು. ‘ಏನಾತೇ ನಿನಗ’ ಅಂದೆ. ‘ಅಂಗಡ್ಯಾವ್ರು ಬರದಾರ ನೋಡು, ಇನ್ನ ಹತ್ತ ದಿನ ಐತಿ’ ಅಂತಾಳ. ನಕ್ಕೋಂತ ಹೇಳತಾಳವ್ವಾ. ರದ್ದ ಮಾಡತೇನಿ ಅಂತೀರಿ. ಮಾಡ್ರಿ. ಅಕಿಗೆ ನಾ ಏನ ಹೇಳ್ಲಿ? ನನ್ನ ಮಾತ ಅಕಿ ಕಿವಿಗೆ ಹೋಗವಲ್ತು. ಬರದವ್ರು ನೀವು. ನೀವ ಹೇಳ್ರಿ.”

ಹೆಜ್ಜೆ ಸಪ್ಪಳ ಕೇಳಿತು, ಬಾಗಿಲು ಕಿರುಗುಟ್ಟಿತು. ಆಮೇಲೆ ಎಳೆಯ ದನಿಯೊಂದು, ಹಬ್ಬದ ದಿನ ಮಾತಾಡುವಂಥ ಉತ್ಸಾಹದಲ್ಲಿ ಕೇಳಿತು.

“ಅಕ್ಕಾರ, ಸೀರಿ ಕಳಿಸಿದ್ರೇನ್ರಿ?”

ಹೂಂ ಎಂದರೆ ಮುಗಿಯುತ್ತಿತ್ತು. ಡಬ್ಬಿ ಎದುರಿಗೇ ಇತ್ತು, ಕೊರಿಯರ್‌ನವನು ಮಧ್ಯಾಹ್ನ ಬರುತ್ತಿದ್ದ. ಶೈಲಜಾ ಕಣ್ಣು ಮುಚ್ಚಿಕೊಂಡಳು.

“ಇಲ್ಲವ್ವಾ. ಕಳಸಂಗಿಲ್ಲ.”

“ಯಾಕ್ರಿ? ಹತ್ತ ದಿನ ಅಂತ ನೀವ ಬರದಿದ್ರಿ?”

“ನಾನ ಬರದಿದ್ದೆ. ನಿಮ್ಮ ಮನಿ ಸುದ್ದಿ ಏನೂ ತಿಳೀದ, ನಿಮ್ಮನ್ನ ಕೇಳದ ಬರದಿದ್ದೆ ತಂಗಿ. ಮೊದಲ ಬರದ ಇಟ್ಟಿರತೇವಿ, ದಿನಾ ಎಣಿಸಿ ಯಂತ್ರ ತಾನ ಕಳಸತೈತಿ. ಅದಕ್ಕ ಏನೂ ಗೊತ್ತಾಗೂದಿಲ್ಲ. ಅದು ಖರೇ ಅಲ್ಲವ್ವಾ.”

ಫೋನಿನ ಆ ಕಡೆ, ಕೊಟ್ಟಿಗೆಯಲ್ಲಿ, ಒಂದು ದನ ಕೂಗಿತು.

“ಖರೇ ಅಲ್ಲೇನ್ರಿ?” ರಾಣಿ ಕೇಳಿದಳು. ದನಿಯ ಉತ್ಸಾಹ ಪೂರ್ತಿ ಇಳಿದಿತ್ತು.

“ಅಲ್ಲವ್ವಾ.”

ಆಗ ಆ ಹುಡುಗಿ ಅತ್ತಳು. ಮೊದಲು ಬಿಕ್ಕಿದಳು, ಆಮೇಲೆ ಅಳು ಒಡೆದುಬಂತು. ತಾಯಿ ಓಡಿಬಂದು ಅವಳನ್ನು ಅವಚಿಕೊಂಡದ್ದು, ‘ಅಳವ್ವಾ, ಅತ್ತಬಿಡು’ ಎಂದದ್ದು ಕೇಳಿಸಿತು. ಫೋನು ಹಾಸಿಗೆಯ ಮೇಲೆ ಎಲ್ಲೋ ಬಿದ್ದಿರಬೇಕು, ಯಾರೂ ಅದನ್ನು ಬಂದ್ ಮಾಡಲಿಲ್ಲ. ಬಂದ್ ಮಾಡುವ ಅಧಿಕಾರ ತನಗಿಲ್ಲ ಎನ್ನಿಸಿ ಶೈಲಜಾ ಕಿವಿಗೆ ಹಿಡಿದುಕೊಂಡೇ ಕೂತಳು. ನಡುನಡುವೆ ಬೆರಳು ಆಡಿಸಿ ಆರ್ಡರ್ ರದ್ದು ಮಾಡಿದಳು, ನಂಬರನ್ನು ಪಟ್ಟಿಯಿಂದ ತೆಗೆದಳು. ಚೌಕದ ಗುರುತು ಅಳಿಸಿದಳು. ಆ ಗುರುತಿನ ಬಲದ ಮೇಲೆ ಸರದಿಯಲ್ಲಿ ನಿಂತಿದ್ದ ಅಷ್ಟೂ ಸಂದೇಶಗಳನ್ನು ತಡೆದಳು.

ನಿಜಗುಣಪ್ಪನವರು ಪರದೆ ಸರಿಸಿ ಇಣುಕಿದರು. “ಏನಾತವ್ವಾ? ಆ ಸಂಗೊಳ್ಳಿ ಗಿರಾಕಿ...” ಎಂದವರು ಅವಳ ಮುಖ ನೋಡಿ ಅಲ್ಲೇ ನಿಂತರು. ಶೈಲಜಾ ಫೋನಿನ ಸ್ಪೀಕರ್ ಹಚ್ಚಿ ಅವರ ಕಡೆ ಹಿಡಿದಳು. ಅವರು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಡಬ್ಬಿಯ ಮೇಲೆ ಕೂತರು.

ಅಳು ಇಳಿಯುತ್ತ ಬಂದಾಗ ರಾಣಿ ತಾಯಿಗೆ ಹೇಳಿದ ಮಾತು ಇಬ್ಬರಿಗೂ ಕೇಳಿತು.

“ಅಕ್ಕಾರು ಹೂಂ ಅಂದಿದ್ರ, ಇನ್ನ ಹತ್ತ ದಿನಾ ಆದ್ರೂ ಬಸರ ಇರತಿದ್ನಲ್ಲ ಯವ್ವಾ.”