ಗುಂಡ ಎದ್ದು ನಿಂತ ಪ್ಯಾರಾ

ಕಾಲೇಜಿನವರು ಕೇಳಿದ್ದು ಒಂದೂವರೆ ಪುಟ. ಫಿಸಿಯೋಥೆರಪಿ ಓದು ನಿನಗೇ ಯಾಕೆ ಬೇಕು ಅಂತ ನಿನ್ನ ಮಾತಿನಲ್ಲೇ ಬರೆ, ಓದಿದವರ ಮನಸ್ಸಿಗೆ ಬಂದರೆ ಫೀಸಿಲ್ಲದ ಸೀಟು. ಸಿಗದಿದ್ದರೆ ಹುಡುಗಿ ಅಮ್ಮನ ಜೊತೆ ಬಟ್ಟೆ ಕಾರ್ಖಾನೆಗೆ ಹೋಗುವುದು ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು.

ಶಾಲೆಯ ಮೇಡಂ ಅದಕ್ಕೆ ಎಂಟು ವಾರ ಹಾಕಿಕೊಟ್ಟರು.

"ಒಂದೂವರೆ ಪುಟಕ್ಕೆ ಎಂಟು ವಾರವೇನೇ? ಅಷ್ಟರಲ್ಲಿ ನಾನು ಎರಡು ಸ್ವೆಟರ್ ಹೆಣೆದು ಬಿಚ್ಚಿ ಮತ್ತೆ ಹೆಣೀತೀನಿ," ಎಂದಳು ಅಜ್ಜಿ.

"ಇದೂ ಹಂಗೇ ಅಜ್ಜಿ. ಬಿಚ್ಚೋದೇ ಜಾಸ್ತಿ."

ಮೊದಲ ವಾರ ಒಳ್ಳೆಯದು ಕೆಟ್ಟದ್ದು ನೋಡದೆ ತಲೆಗೆ ಬಂದದ್ದನ್ನೆಲ್ಲ ಗೀಚಿದಳು. ಏನೇ ಗೀಚಿದರೂ ಕೈ ತಮ್ಮನ ಹತ್ತಿರವೇ ಹೋಗುತ್ತಿತ್ತು. ಮನೆಯವರಿಗೆ ಅವನು ಗುಂಡ. ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದು ಎರಡು ವರ್ಷ ಆಗಿತ್ತು, ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಎರಡನೇ ವಾರ ಯಾವುದು ಮುಂದೆ, ಯಾವುದು ಹಿಂದೆ, ಕೊನೆಗೆ ಏನು ಎಂದು ಹಂದರ ಹಾಕಿದಳು. ಮೂರನೇ ವಾರ ಹಿಂದೆ ತಿರುಗಿ ತಿದ್ದದೆ ಒಂದೇ ಓಟದಲ್ಲಿ ಬರೆದಳು. ನಾಲ್ಕನೇ ವಾರ ಅದನ್ನು ಮುಟ್ಟಬಾರದು. ದೂರ ಇಟ್ಟರೇ ತಪ್ಪು ಕಾಣುವುದು ಎಂದಿದ್ದರು ಮೇಡಂ.

"ರೆಸ್ಟ್ ಹೆಂಗೆ ತಗೊಳ್ಳೋದು ಅಂತ ನನ್ನ ಕೇಳಕ್ಕ," ಎಂದ ಗುಂಡ ಮಂಚದಿಂದ. "ಈ ಮನೇಲಿ ನನ್ನಷ್ಟು ಸೀನಿಯರ್ ಯಾರಿದ್ದಾರೆ?"

ಐದನೇ ವಾರ ಮೇಡಂ ಓದಿ ಹೇಳಿದರು: "ಇದರಲ್ಲಿ ನಿನ್ನ ತಮ್ಮ ಇದ್ದಾನೆ, ನೀನೆಲ್ಲಿದೀಯ? ಕೊನೇಲಿ ಏನೂ ಬದಲಾಗೇ ಇಲ್ಲವಲ್ಲಮ್ಮ."

ಬದಲಾಗಿರಲಿಲ್ಲ, ನಿಜ. ಎರಡನೇ ಕರಡಿನಲ್ಲಿ ಅವಳು ದಿನಾ ಅವನ ಕಾಲು ಮಡಚಿ ನೀಡಿ ವ್ಯಾಯಾಮ ಮಾಡಿಸುವುದನ್ನು ಬರೆದಳು. ಅದು ನಡೆಯುತ್ತಿದ್ದದ್ದೇ. ಆಮೇಲೆ ಕೊನೆಗೊಂದು ಪ್ಯಾರಾ ಸೇರಿಸಿದಳು: ಒಂದು ಬೆಳಗ್ಗೆ ತಮ್ಮ ಕಿಟಕಿಯ ಸರಳು ಹಿಡಿದು ಎದ್ದು ನಿಂತ.

"ಈಗ ಬಂತು ನೋಡು ಜೀವ!" ಎಂದರು ಮೇಡಂ. ಅವರು ಗುಂಡನನ್ನು ನೋಡಿರಲಿಲ್ಲ. ಆರನೇ ವಾರ ಮತ್ತೆ ರಜೆ. ಹುಡುಗಿ ಹಾಳೆಗಳನ್ನು ಬೀರುವಿನಲ್ಲಿ ಬಟ್ಟೆಯಡಿ ಇಟ್ಟಳು.

ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಗುಂಡ ಅಜ್ಜಿಯನ್ನು ಪುಸಲಾಯಿಸಿ ಅದನ್ನು ತೆಗೆಸಿಕೊಂಡ. ಓದಲು ಬಾರದ ಅಜ್ಜಿ ಕೊಟ್ಟು ಒಳಗೆ ಹೋದಳು. ಪಾತ್ರೆ ತೊಳೆಯುತ್ತಿದ್ದಾಗ ದೊಪ್ಪೆಂದು ಸದ್ದಾಯಿತು. ಓಡಿ ಬಂದರೆ ಅವನು ಮಂಚದ ಪಕ್ಕದ ಕಿಟಕಿಯ ಕೆಳಗೆ ಬೋರಲು ಬಿದ್ದಿದ್ದ. ಗದ್ದ ಒಡೆದಿತ್ತು.

"ಏನ್ ಮಾಡೋಕೆ ಹೋದ್ಯೋ ಮಗನೇ?"

"ಅದರಲ್ಲಿ ನಾನು ನಿಂತೆ ಅಂತ ಇತ್ತಜ್ಜಿ. ಡಾಕ್ಟರು ಅಕ್ಕಂಗೆ ಏನೋ ಹೇಳಿರಬೇಕು, ನಂಗೆ ಆಮೇಲೆ ಹೇಳೋಣ ಅಂತ ಇದ್ದಾಳೆ ಅಂದ್ಕೊಂಡೆ."

ಅಜ್ಜಿ ಸೆರಗಿನಿಂದ ಅವನ ಗದ್ದ ಒತ್ತಿ ಹಿಡಿದಳು. ಅವನು ಹೇಳಿದ: "ಅಕ್ಕಂಗೆ ಹೇಳ್ಬೇಡ. ಈ ವಾರ ಅವಳು ಅದನ್ನ ನೆನೆಸ್ಕೊಳ್ಳೋ ಹಂಗಿಲ್ಲ."

ಸಂಜೆ ಬಂದ ಅಕ್ಕನಿಗೆ, ಲೋಟ ಎತ್ತಿಕೊಳ್ಳಲು ಬಗ್ಗಿ ಜಾರಿದೆ ಎಂದ.

ಏಳನೇ ವಾರ ಗಟ್ಟಿಯಾಗಿ ಓದುವ ಕೆಲಸ. ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ತಿದ್ದಬೇಕು. ಹುಡುಗಿ ಮಂಚದ ಪಕ್ಕ ಕೂತು ಓದುತ್ತ ಬಂದಳು. ಕೊನೆಯ ಪ್ಯಾರಾದಲ್ಲಿ ನಾಲಿಗೆ ತಡೆಯಿತು. ಒಂದು ವಾರ ನೋಡದಿದ್ದ ಕಣ್ಣಿಗೆ ಅದು ಯಾರೋ ಹೇಳಿದ ಸುಳ್ಳಿನ ಹಾಗೆ ಕಂಡಿತು.

ಅಜ್ಜಿಗೆ ತಡೆಯಲಾಗಲಿಲ್ಲ. "ಅದನ್ನ ಓದಿಯೇ ಕಣೇ ಅವನು ಎದ್ದೇಳೋಕೆ ಹೋಗಿದ್ದು," ಎಂದುಬಿಟ್ಟಳು.

ಹುಡುಗಿ ತಮ್ಮನ ಗದ್ದ ನೋಡಿದಳು.

"ಇರ್ಲಿ ಬಿಡಕ್ಕ," ಎಂದ ಗುಂಡ. "ಅವರೇನು ಮನೆಗೆ ಬಂದು ನೋಡ್ತಾರಾ? ನಿಂಗೆ ಸೀಟು ಸಿಗ್ಲಿ."

ಅವಳು ಆ ಪ್ಯಾರಾ ಪೂರ್ತಿ ಹೊಡೆದು ಹಾಕಿದಳು.

"ಇನ್ನುಳಿದಿರೋ ವಾರ ಅಕ್ಷರ ತಿದ್ದೋಕೆ, ಪದ ಎಣಿಸೋಕೆ," ಎಂದರು ಮೇಡಂ, ಮರುದಿನ ಶಾಲೆಯಲ್ಲಿ ಅದನ್ನು ನೋಡಿ. "ಹೊಸ ಕೊನೆ ಬರೆದು, ಅದನ್ನ ನಾಲ್ಕು ದಿನ ದೂರ ಇಟ್ಟು ನೋಡೋಕೆ ಟೈಮ್ ಎಲ್ಲಿದೆ?"

"ಅದು ನಡೀಲೇ ಇಲ್ಲ ಮೇಡಂ."

ಮೇಡಂ ಹೊಡೆದು ಹಾಕಿದ ಸಾಲುಗಳನ್ನು ಮತ್ತೊಮ್ಮೆ ಓದಿ, "ನಡೆದದ್ದಾ ಅಂತ ನಾನು ಕೇಳಬೇಕಿತ್ತು," ಎಂದರು.

ಹುಡುಗಿ ಬೇರೆ ಬೇರೆ ಕೊನೆ ಬರೆದಳು, ಒಂದೂ ಹೊಂದಲಿಲ್ಲ. ಕಡೆಗೆ 'ನನ್ನ ತಮ್ಮ ಎದ್ದಿಲ್ಲ, ನಾನು ದಿನಾ ಅವನ ಕಾಲು ಮಡಚಿಸುತ್ತೇನೆ' ಎಂದಷ್ಟೇ ಉಳಿಸಿದಳು. ಕಾಲೇಜಿನ ಹೆಸರು ಸರಿಯಿದೆಯೇ ಎಂದು ನೋಡಿ, ಗಡುವಿಗೆ ಮುಂಚೆಯೇ ಕಳಿಸಿದಳು.

ಉತ್ತರ ಬರುವಷ್ಟರಲ್ಲಿ ಅವಳು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಆಯ್ಕೆಯಾಗಿಲ್ಲ ಎಂದಿತ್ತು, ಯಾಕೆ ಎಂದು ಬರೆದಿರಲಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದಳು.

ಗುಂಡ ತಟ್ಟೆ ಪಕ್ಕಕ್ಕೆ ಸರಿಸಿದ. "ನಾನು ನಿಂತಿದ್ರೆ ಸಿಕ್ತಿತ್ತು, ಅಲ್ವೇನಕ್ಕ?"

"ಇಲ್ಲ ಕಣೋ," ಎಂದಳು ಅಕ್ಕ. ಆದರೆ ಆ 'ಇಲ್ಲ' ತಡವಾಗಿ ಬಂದಿತ್ತು. ಅವನು ತನ್ನನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸಲು ಅಜ್ಜಿಗೆ ಹೇಳಿದ.